ಕಲಬುರಗಿಯಿಂದ ಬೀದರ್ 049° ಆದರೆ, ಬೀದರ್‌ನಿಂದ ಕಲಬುರಗಿ ಎಷ್ಟು?

ಬೀದರ್ ಕಲಬುರಗಿಯ ಈಶಾನ್ಯಕ್ಕಿದೆ. ಮಾತಿಗೆ ಇಷ್ಟು ಸಾಕು. ನಕ್ಷೆ ಹಾಸಿಕೊಂಡು ಗೆರೆ ಎಳೆಯಲು ಕೂತಾಗ ಮಾತ್ರ ಸಾಲದು, ಯಾಕೆಂದರೆ ಹುಮನಾಬಾದೂ ಕಲಬುರಗಿಯ ಈಶಾನ್ಯಕ್ಕೇ ಇದೆ. ಇಡೀ ಸುತ್ತಿನ 360 ಡಿಗ್ರಿಯನ್ನು ಎಂಟು ದಿಕ್ಕುಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ 45 ಡಿಗ್ರಿ ಬರುತ್ತದೆ. ನೂರು ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ಆ ಪಾಲಿನ ಅಗಲ ಎಪ್ಪತ್ತೆಂಟು ಕಿಲೋಮೀಟರ್ ಆಗಿರುತ್ತದೆ. ಅಷ್ಟು ಅಗಲದಲ್ಲಿ ಬೀದರ್ ಎಲ್ಲಿದೆ ಎಂದು ‘ಈಶಾನ್ಯ’ ಹೇಳುವುದಿಲ್ಲ. ಅದನ್ನು ಹೇಳುವುದು ಬೇರಿಂಗ್.

ಡಿಪ್ಲೊಮಾ ಸಿವಿಲ್ ಓದುವವರು ಸರ್ವೆ ವಿಷಯದಲ್ಲಿ, ಎನ್‌ಸಿಸಿ ಕೆಡೆಟ್‌ಗಳು ಮ್ಯಾಪ್ ರೀಡಿಂಗ್‌ನಲ್ಲಿ ಇದನ್ನು ಕಲಿಯುತ್ತಾರೆ. ಬೇರಿಂಗ್ ಬರೆಯುವುದು ಬೇಗ ಬರುತ್ತದೆ. ತೊಡಕು ಹುಟ್ಟುವುದು ಬ್ಯಾಕ್ ಬೇರಿಂಗ್‌ನಲ್ಲಿ, ಅಂದರೆ ಹೋದ ದಾರಿಯಲ್ಲೇ ತಿರುಗಿ ನೋಡಿದರೆ ಬರುವ ಬೇರಿಂಗ್‌ನಲ್ಲಿ. ‘180 ಕೂಡಿಸು ಇಲ್ಲಾ ಕಳೆ’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿದವರೂ ಚಿತ್ರದಲ್ಲಿ ಬೇರೆ ಕೋನಗಳು ಸೇರಿಕೊಂಡ ಕೂಡಲೇ ಎಡವುತ್ತಾರೆ. ಆ ಸೂತ್ರ ಎಲ್ಲಿಂದ ಬಂತು ಎಂಬುದು ಕಣ್ಣಿಗೆ ಕಂಡರೆ ಎಡವುವುದು ನಿಲ್ಲುತ್ತದೆ. ಅದನ್ನು ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಊರುಗಳನ್ನು ಇಟ್ಟುಕೊಂಡೇ ನೋಡೋಣ.

ಮೊದಲು ಬರೆಯುವ ಕ್ರಮ. ಬೇರಿಂಗ್ ಯಾವಾಗಲೂ ಉತ್ತರದಿಂದ ಶುರುವಾಗುತ್ತದೆ, ಯಾವಾಗಲೂ ಪ್ರದಕ್ಷಿಣವಾಗಿ ಅಂದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ಸಾಗುತ್ತದೆ, ಯಾವಾಗಲೂ ಮೂರು ಅಂಕಿಗಳಲ್ಲಿ ಬರೆಯಲ್ಪಡುತ್ತದೆ. ಕಲಬುರಗಿಯಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿ, ಬಲಕ್ಕೆ ತಿರುಗುತ್ತಾ ಹೋಗಿ ಬೀದರ್ ನೇರಕ್ಕೆ ಬರುವಷ್ಟರಲ್ಲಿ ನೀವು ಸುಮಾರು 49 ಡಿಗ್ರಿ ತಿರುಗಿರುತ್ತೀರಿ. ಅದನ್ನು 049° ಎಂದು ಬರೆಯಬೇಕು. ಯಾದಗಿರಿಯ ನೇರಕ್ಕೆ ಬರಲು ಪೂರ್ವವನ್ನೂ ದಾಟಿ ಸುಮಾರು 152 ಡಿಗ್ರಿ ತಿರುಗಬೇಕು, ಅದು 152°. ನೇರ ಪೂರ್ವ 090°, ದಕ್ಷಿಣ 180°, ಪಶ್ಚಿಮ 270°. ಕಮಲಾಪುರ, ಹುಮನಾಬಾದ್ ಹಾದು ಹೋಗುವ ರಸ್ತೆಗೂ ಈ 049°ಗೂ ಸಂಬಂಧವಿಲ್ಲ. ರಸ್ತೆ ಎಷ್ಟೇ ಸುತ್ತಲಿ, ಬೇರಿಂಗ್ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆಯದ್ದು.

ಮುಂದಿನ ಸೊನ್ನೆ ಅಲಂಕಾರಕ್ಕಲ್ಲ. ಯಾರೋ ಬರೆದುಕೊಟ್ಟ ಚೀಟಿಯಲ್ಲಿ ‘49’ ಎಂದಷ್ಟೇ ಇದ್ದರೆ, ಅದು ನಿಜವಾಗಿ 49 ಇರಬಹುದು, ಅಥವಾ 149, 249, 349ರ ಒಂದು ಅಂಕಿ ಬರೆಯುವಾಗ ಬಿಟ್ಟುಹೋಗಿರಬಹುದು. ವಾಕಿಟಾಕಿಯಲ್ಲಿ ಕೇಳಿಸಿಕೊಂಡದ್ದಾದರೆ ಅನುಮಾನ ಇನ್ನೂ ಹೆಚ್ಚು. ‘ಸೊನ್ನೆ ನಾಲ್ಕು ಒಂಬತ್ತು’ ಎಂದು ಮೂರೂ ಅಂಕಿ ಬಂದರೆ ಪೂರ್ತಿ ಬಂದಿದೆ ಎಂದು ಖಾತ್ರಿಯಾಗುತ್ತದೆ. ಎರಡೇ ಅಂಕಿ ಬಂದರೆ ಏನೋ ತಪ್ಪಿಹೋಗಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಹಾಗಾಗಿ 5 ಡಿಗ್ರಿಯಾದರೆ 005°. ಪರೀಕ್ಷೆಯಲ್ಲಿ ಕೋನ ಸರಿಯಾಗಿ ಕಂಡುಹಿಡಿದು ಕೊನೆಗೆ ‘49°’ ಎಂದು ಬರೆದರೆ ಅದು ಕೋನದ ಉತ್ತರವಾಯಿತೇ ಹೊರತು ಬೇರಿಂಗ್‌ನ ಉತ್ತರವಾಗಲಿಲ್ಲ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಹತ್ತು ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಎಂದು ಅಳತೆ ಇಟ್ಟುಕೊಳ್ಳಿ. ಹಾಳೆಯ ಎಡಭಾಗದ ನಡುವೆ ಒಂದು ಬಿಂದು ಇಟ್ಟು ಅದನ್ನು ಕಲಬುರಗಿ ಅನ್ನಿ. ಅದರ ಮೂಲಕ ಹಾಳೆಯ ಅಂಚಿಗೆ ಸಮನಾಗಿ ಒಂದು ನೆಟ್ಟನೆಯ ಗೆರೆ ಎಳೆದು ಮೇಲ್ತುದಿಗೆ ಬಾಣ ಹಾಕಿ. ಇದು ಉತ್ತರ ರೇಖೆ. ಇದರಿಂದ ಬಲಕ್ಕೆ 49 ಡಿಗ್ರಿ ಅಳೆದು 9.7 ಸೆಂಟಿಮೀಟರ್ ಉದ್ದದ ಗೆರೆ ಎಳೆದರೆ ತುದಿಯಲ್ಲಿ ಬೀದರ್. ಅದೇ ಉತ್ತರ ರೇಖೆಯಿಂದ 152 ಡಿಗ್ರಿ ಅಳೆದು 7 ಸೆಂಟಿಮೀಟರ್ ಎಳೆದರೆ ಯಾದಗಿರಿ. ಈ ಅಂಕಿಗಳು ಊರುಗಳ ಅಕ್ಷಾಂಶ ರೇಖಾಂಶಗಳಿಂದ ಲೆಕ್ಕ ಹಾಕಿ ಹತ್ತಿರದ ಪೂರ್ಣ ಡಿಗ್ರಿಗೆ ತಂದವು. ಊರಿನ ಯಾವ ಜಾಗವನ್ನು ಬಿಂದು ಎಂದು ಹಿಡಿಯುತ್ತೀರಿ ಎಂಬುದರ ಮೇಲೆ ಒಂದರ್ಧ ಡಿಗ್ರಿ ಆಚೀಚೆ ಆಗುವುದುಂಟು.

ಇಷ್ಟಾದ ಮೇಲೆ ಪ್ರಶ್ನೆ: ಬೀದರ್‌ನಿಂದ ಕಲಬುರಗಿಯ ಬೇರಿಂಗ್ ಎಷ್ಟು?

ಇಲ್ಲಿ ಎರಡು ತಪ್ಪು ಉತ್ತರಗಳು ಮತ್ತೆ ಮತ್ತೆ ಬರುತ್ತವೆ. ಒಂದು 311°. ‘ತಿರುಗಿ ಬರುವುದಲ್ಲವೇ, 360ರಲ್ಲಿ 49 ಕಳೆದರಾಯಿತು’ ಎಂಬ ಲೆಕ್ಕ ಅದು. ಆದರೆ 311° ಎಂದರೆ ವಾಯವ್ಯ. ಬೀದರ್‌ನಿಂದ ವಾಯವ್ಯಕ್ಕೆ ಹೊರಟರೆ ಮಹಾರಾಷ್ಟ್ರದೊಳಗೆ ಹೋಗುತ್ತೀರಿ, ಕಲಬುರಗಿ ಸಿಗುವುದಿಲ್ಲ. ಇನ್ನೊಂದು ಉತ್ತರ 131°, ಇದು ಹೆಚ್ಚು ಗಮನಿಸಬೇಕಾದದ್ದು, ಯಾಕೆಂದರೆ ಇದು ಅಳೆದೇ ಬಂದದ್ದು. ಪಾಠ ಮಾಡುವಾಗ ಒಬ್ಬ ಹುಡುಗಿ ಪಟ್ಟು ಬಿಡದೆ ಹೇಳಿದ್ದಳು:

“ಸರ್, ನಾ ಸರಿಯಾಗೇ ಅಳದೀನ್ರಿ, ನೂರಾ ಮೂವತ್ತೊಂದೇ ಬರ್ತದ್ರಿ.”

“ಅಳದದ್ದು ತಪ್ಪಿಲ್ಲವಾ. ಉತ್ತರದಿಂದ ಯಾ ಕಡೀಗಿ ತಿರಗಿ ಅಳದಿ, ಅದನ್ನ ಹೇಳು.”

ಅವಳು ಹಾಳೆಯ ಮೇಲೆ ಬೆರಳಿಟ್ಟು ಉತ್ತರದಿಂದ ಎಡಕ್ಕೆ ತಿರುಗಿಸಿದಳು. ತಪ್ಪು ಅಲ್ಲೇ ಇತ್ತು. ಕೋನ ಸರಿ, ತಿರುಗಿದ ಕಡೆ ಅಪ್ರದಕ್ಷಿಣ. ಆ 131 ಎಲ್ಲಿಂದ ಬಂತು, ಅದನ್ನು ಹೇಗೆ ಬೇರಿಂಗ್ ಮಾಡುವುದು ಎಂಬುದರಲ್ಲೇ ಈ ಪಾಠದ ತಿರುಳಿದೆ.

ಬೀದರ್‌ನಿಂದ ನೋಡಬೇಕಾದರೆ ಉತ್ತರ ರೇಖೆ ಬೀದರ್‌ನಲ್ಲಿ ಬೇಕು. ಯಾವ ಊರ ಹೆಸರಿಗೆ ‘ಇಂದ’ ಅಂಟಿದೆಯೋ ಆ ಊರಿನಲ್ಲಿ ಉತ್ತರ ರೇಖೆ ಎಳೆಯಬೇಕು. ಹಳೆಯ ಊರಿನ ಉತ್ತರ ರೇಖೆಯನ್ನೇ ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ. ಹಾಗೆ ಬೀದರ್‌ನಲ್ಲೂ ಒಂದು ನೆಟ್ಟನೆಯ ಗೆರೆ ಎಳೆದು, ಅದನ್ನು ಬಿಂದುವಿನ ಕೆಳಕ್ಕೂ ದಕ್ಷಿಣದ ಕಡೆ ಸ್ವಲ್ಪ ಚಾಚಿ. ಈಗ ಹಾಳೆಯ ಮೇಲೆ ಎರಡು ಉತ್ತರ ರೇಖೆಗಳಿವೆ. ಎರಡೂ ಒಂದೇ ಉತ್ತರವನ್ನು ತೋರಿಸುವುದರಿಂದ ಕಿಟಕಿಯ ಕಂಬಿಗಳ ಹಾಗೆ ಸಮಾಂತರವಾಗಿವೆ. ಕಲಬುರಗಿ ಬೀದರ್ ಗೆರೆ ಅವೆರಡನ್ನೂ ಕತ್ತರಿಸುತ್ತದೆ. ಒಂಬತ್ತನೇ ತರಗತಿಯಲ್ಲಿ ನಾವೆಲ್ಲ ಓದಿದ ಚಿತ್ರವೇ ಇದು: ಎರಡು ಸಮಾಂತರ ರೇಖೆಗಳು, ಒಂದು ಛೇದಕ.

ಛೇದಕದ ಒಂದೇ ಬದಿಯ ಎರಡು ಒಳಕೋನಗಳನ್ನು ಕೂಡಿಸಿದರೆ 180° ಬರಬೇಕು. ಕಲಬುರಗಿಯಲ್ಲಿ ಉತ್ತರ ರೇಖೆಗೂ ಬೀದರ್ ಗೆರೆಗೂ ನಡುವಿನ ಕೋನ 49°. ಅದೇ ಬದಿಯ ಜೋಡಿ ಕೋನ ಬೀದರ್‌ನಲ್ಲಿ ಉತ್ತರ ರೇಖೆಗೂ ಕಲಬುರಗಿ ಗೆರೆಗೂ ನಡುವೆ, ಉತ್ತರ ರೇಖೆಯ ಎಡಬದಿಗಿದೆ. ಅದು 180ರಲ್ಲಿ 49 ಕಳೆದು 131°. ಹುಡುಗಿ ಅಳೆದದ್ದು ಇದನ್ನೇ. ಇದು ಎಡಕ್ಕೆ ತಿರುಗಿದ ಕೋನ. ಬಲಕ್ಕೆ ತಿರುಗಿ ಅದೇ ಗೆರೆಗೆ ಬರಬೇಕೆಂದರೆ ಸುತ್ತಿನ ಉಳಿದ ಭಾಗವನ್ನೆಲ್ಲ ಸುತ್ತಬೇಕು. ಒಂದು ಬಿಂದುವಿನ ಸುತ್ತಲಿನ ಕೋನಗಳ ಮೊತ್ತ 360°. ಆದ್ದರಿಂದ 360ರಲ್ಲಿ 131 ಕಳೆದರೆ 229. ಬೀದರ್‌ನಿಂದ ಕಲಬುರಗಿಯ ಬೇರಿಂಗ್ 229°.

ಇದೇ ಉತ್ತರಕ್ಕೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ಬೀದರ್‌ನಲ್ಲಿ ಕೆಳಕ್ಕೆ ಚಾಚಿದ ದಕ್ಷಿಣದ ಗೆರೆಯನ್ನು ನೋಡಿ. ಕಲಬುರಗಿಯಲ್ಲಿ ಉತ್ತರ ರೇಖೆಯ ಬಲಕ್ಕಿರುವ 49°ಯ ಕೋನ, ಬೀದರ್‌ನಲ್ಲಿ ದಕ್ಷಿಣ ಗೆರೆಯ ಎಡಕ್ಕೆ, ಪಶ್ಚಿಮದ ಕಡೆಗಿರುವ ಕೋನ, ಇವೆರಡೂ ಪರ್ಯಾಯ ಕೋನಗಳು. ಸಮಾಂತರ ರೇಖೆಗಳಲ್ಲಿ ಪರ್ಯಾಯ ಕೋನಗಳು ಸಮ. ಹಾಗಾದರೆ ಬೀದರ್‌ನಲ್ಲಿ ದಕ್ಷಿಣದಿಂದ ಕಲಬುರಗಿ ಗೆರೆಗೆ 49°. ಉತ್ತರದಿಂದ ಬಲಕ್ಕೆ ತಿರುಗಿ ದಕ್ಷಿಣದವರೆಗೆ ಬಂದರೆ 180° ಆಯಿತು, ಅಲ್ಲಿಂದ ಮುಂದೆ ಇನ್ನೂ 49°. ಒಟ್ಟು 229°.

‘180 ಕೂಡಿಸು’ ಎಂಬ ಸೂತ್ರ ಹುಟ್ಟಿದ್ದು ಇಲ್ಲೇ. ಆ 180 ಎಂದರೆ ಉತ್ತರದಿಂದ ದಕ್ಷಿಣದವರೆಗಿನ ಅರ್ಧ ಸುತ್ತು, ಕೂಡಿಸುವ 49 ಎಂದರೆ ಪರ್ಯಾಯ ಕೋನ. ಎರಡೂ ಹಾಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಕೋನಗಳು.

ಹಾಗಾದರೆ ಕಳೆಯುವುದು ಯಾವಾಗ? ಅದಕ್ಕೆ ಬೀದರ್‌ನಿಂದ ಯಾದಗಿರಿಯನ್ನು ನೋಡಿ. ಯಾದಗಿರಿ ಬೀದರ್‌ನ ದಕ್ಷಿಣಕ್ಕಿದೆ, ಆದರೆ ಕೊಂಚ ಪಶ್ಚಿಮಕ್ಕೆ ವಾಲಿದೆ. ಹಾಳೆಯ ಮೇಲೆ ಎರಡನ್ನೂ ಸೇರಿಸಿ ಅಳೆದರೆ ದಕ್ಷಿಣ ದಾಟಿ 18 ಡಿಗ್ರಿ, ಅಂದರೆ ಬೇರಿಂಗ್ 198°. ಯಾದಗಿರಿಯಲ್ಲಿ ಉತ್ತರ ರೇಖೆ ಎಳೆಯಿರಿ. ಬೀದರ್‌ನಲ್ಲಿ ದಕ್ಷಿಣ ಗೆರೆಯ ಪಕ್ಕದ ಆ 18°ಗೆ ಪರ್ಯಾಯ ಕೋನ ಯಾದಗಿರಿಯಲ್ಲಿ ಉತ್ತರ ರೇಖೆಯ ಬಲಕ್ಕೆ ಬೀಳುತ್ತದೆ. ಅದೂ 18°. ಅದು ಉತ್ತರದಿಂದ ಬಲಕ್ಕೇ ಇರುವುದರಿಂದ ಬೇರೇನೂ ಮಾಡಬೇಕಿಲ್ಲ, ನೇರವಾಗಿ ಬೇರಿಂಗ್: 018°. ಅಂದರೆ 198ರಲ್ಲಿ ಅರ್ಧ ಸುತ್ತನ್ನು ತೆಗೆದುಹಾಕಿದಂತಾಯಿತು. ಇಲ್ಲಿ 180 ಕೂಡಿಸಿದ್ದರೆ 378 ಬರುತ್ತಿತ್ತು. ಸುತ್ತಿನಲ್ಲಿ 360ಕ್ಕಿಂತ ಹೆಚ್ಚಿಗೆ ಜಾಗವೇ ಇಲ್ಲ. ಆದರೂ ಹಾಗೆ ಬಂದರೆ ಗಾಬರಿ ಬೇಡ, ಪೂರ್ತಿ ಒಂದು ಸುತ್ತು ಹೆಚ್ಚಾಗಿದೆ ಎಂದಷ್ಟೇ ಅರ್ಥ. 360 ಕಳೆದರೆ ಮತ್ತೆ 018°ಗೇ ಬರುತ್ತೀರಿ.

ಕಲಬುರಗಿ ಯಾದಗಿರಿ ಜೋಡಿಯನ್ನು ಇದೇ ರೀತಿ ನೋಡಿ. ಕಲಬುರಗಿಯಲ್ಲಿ 152°. ಯಾದಗಿರಿಯ ಉತ್ತರ ರೇಖೆಯ ಎಡಕ್ಕಿರುವ ಜೊತೆಯ ಒಳಕೋನ 180 ಕಳೆ 152, ಅಂದರೆ 28°. ಎಡಕ್ಕಿರುವುದರಿಂದ 360ರಲ್ಲಿ ಕಳೆಯಬೇಕು: 332°. ಇಂಥ ಕಡೆ ಜಾಮಿಟ್ರಿ ಬಾಕ್ಸಿನ ಅರ್ಧವೃತ್ತದ ಕೋನಮಾಪಕ ಮೋಸ ಮಾಡುತ್ತದೆ. ಅದರಲ್ಲಿ 180ರವರೆಗೆ ಮಾತ್ರ ಗುರುತುಗಳಿವೆ, ಅದೂ ಒಳಗೊಂದು ಹೊರಗೊಂದು ಎರಡು ಸಾಲು, ಒಂದು ಎಡದಿಂದ ಏರುತ್ತದೆ, ಇನ್ನೊಂದು ಬಲದಿಂದ. 332ನ್ನು ಅದರಲ್ಲಿ ನೇರವಾಗಿ ಅಳೆಯಲಾಗದು. ಉತ್ತರದಿಂದ ಎಡಕ್ಕೆ 28 ಅಳೆದು 360ರಲ್ಲಿ ಕಳೆಯಬೇಕು, ಅಥವಾ ದಕ್ಷಿಣದಿಂದ ಪ್ರದಕ್ಷಿಣವಾಗಿ 152 ಅಳೆದು 180ಕ್ಕೆ ಕೂಡಿಸಬೇಕು. ಯಾವ ಸಾಲು ಓದುತ್ತಿದ್ದೇನೆ ಎಂಬ ಅನುಮಾನ ಬಂದರೆ ಉತ್ತರ ರೇಖೆಯ ಮೇಲೆ ಯಾವ ಸಾಲಿನ ಸೊನ್ನೆ ಕೂತಿದೆ ನೋಡಿ, ಅದೇ ಸಾಲನ್ನು ಹಿಡಿದು ಮುಂದೆ ಹೋಗಿ.

ಉತ್ತರ ಬಂದ ಮೇಲೆ ಒಂದು ಕ್ಷಣದ ಪರೀಕ್ಷೆ ಸಾಕು. ಬೇರಿಂಗ್ 180ಕ್ಕಿಂತ ಕಡಿಮೆ ಇದ್ದರೆ ಹೋದದ್ದು ಪೂರ್ವದ ಕಡೆಗೆ. ತಿರುಗಿ ಬರುವುದು ಪಶ್ಚಿಮದ ಕಡೆಗೇ ಆಗಬೇಕು, ಆದ್ದರಿಂದ ಬ್ಯಾಕ್ ಬೇರಿಂಗ್ 180ಕ್ಕಿಂತ ಹೆಚ್ಚಿರಲೇಬೇಕು. ಹುಡುಗಿಯ 131° ಈ ಪರೀಕ್ಷೆಯಲ್ಲೇ ಬಿದ್ದುಹೋಗುತ್ತದೆ: ಕಲಬುರಗಿಯಿಂದ ಪೂರ್ವದ ಕಡೆ ಹೋಗಿ ಬೀದರ್ ಸೇರಿ, ತಿರುಗಿ ಬರುವಾಗಲೂ ಪೂರ್ವಕ್ಕೇ ಹೋಗಲಾಗದು. 311° ಮಾತ್ರ ಪಶ್ಚಿಮದ ಕಡೆಗೇ ಇರುವುದರಿಂದ ಇದರಲ್ಲಿ ಪಾರಾಗುತ್ತದೆ. ಅದಕ್ಕೆ ಇನ್ನೊಂದು ಪರೀಕ್ಷೆ ಬೇಕು: ಹೋದದ್ದು ಉತ್ತರದ ಕಡೆಗಾದರೆ ಬರುವುದು ದಕ್ಷಿಣದ ಕಡೆಗೆ, ಅಂದರೆ 090ರಿಂದ 270ರ ಒಳಗೆ ಇರಬೇಕು. 311 ಅದರ ಹೊರಗಿದೆ.

ಅರ್ಧ ಸುತ್ತಿನ ಈ ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕೆಂದರೆ ಕಲಬುರಗಿ ವಿಮಾನ ನಿಲ್ದಾಣದ ರನ್‌ವೇ ಇದೆ. ಅದರ ಒಂದು ತುದಿಗೆ 09, ಇನ್ನೊಂದು ತುದಿಗೆ 27 ಎಂದು ಸಂಖ್ಯೆ. ಕಾಂತೀಯ ಉತ್ತರದಿಂದ ಅಳೆದ ಬೇರಿಂಗ್ ಅನ್ನು ಹತ್ತಿರದ ಹತ್ತಕ್ಕೆ ತಂದು ಕೊನೆಯ ಸೊನ್ನೆ ಬಿಟ್ಟರೆ ರನ್‌ವೇ ಸಂಖ್ಯೆ. 09 ಎಂದರೆ 090°, 27 ಎಂದರೆ 270°. ಒಂದೇ ಗೆರೆ, ಎರಡು ತುದಿ, ನಡುವೆ ಸರಿಯಾಗಿ 180.

ಮೂರು ಊರುಗಳ ತ್ರಿಕೋನ

ಈಗ ಹಾಳೆಯ ಮೇಲೆ ಪೂರ್ತಿ ತ್ರಿಕೋನವಿದೆ, ಮೂರು ಊರುಗಳಲ್ಲೂ ಉತ್ತರ ರೇಖೆಗಳಿವೆ. ಪ್ರಶ್ನೆಪತ್ರಿಕೆಗಳು ಕೇಳುವುದು ಸಾಮಾನ್ಯವಾಗಿ ಇಂಥದನ್ನೇ: ಎರಡು ಬೇರಿಂಗ್ ಕೊಟ್ಟು ತ್ರಿಕೋನದ ಒಳಕೋನ ಕೇಳುತ್ತಾರೆ, ಇಲ್ಲವೇ ಒಳಕೋನ ಕೊಟ್ಟು ಬೇರಿಂಗ್ ಕೇಳುತ್ತಾರೆ.

ಕಲಬುರಗಿಯ ಒಳಕೋನ ಸುಲಭ. ಬೀದರ್‌ಗೆ 049°, ಯಾದಗಿರಿಗೆ 152°. ಎರಡೂ ಒಂದೇ ಉತ್ತರ ರೇಖೆಯಿಂದ ಅಳೆದವು, ಆದ್ದರಿಂದ ವ್ಯತ್ಯಾಸವೇ ನಡುವಿನ ಕೋನ: 103°. ಬೀದರ್‌ನಲ್ಲಿ ಕಲಬುರಗಿಗೆ 229°, ಯಾದಗಿರಿಗೆ 198°, ವ್ಯತ್ಯಾಸ 31°. ಇಲ್ಲಿ ಮರೆಯಬಾರದ್ದು ಒಂದೇ: ಬೀದರ್‌ನ ಕೋನಕ್ಕೆ ಬೀದರ್‌ನಲ್ಲಿ ನಿಂತು ನೋಡಿದ ಬೇರಿಂಗ್‌ಗಳೇ ಬೇಕು. ಕಲಬುರಗಿಯಿಂದ ಬಂದ 049ನ್ನು 198ರಿಂದ ಕಳೆದು 149 ಎಂದು ಬರೆಯುವವರು ಎರಡು ಬೇರೆ ಊರುಗಳ ಉತ್ತರ ರೇಖೆಗಳನ್ನು ಬೆರೆಸಿರುತ್ತಾರೆ. ಮೊದಲು ಬ್ಯಾಕ್ ಬೇರಿಂಗ್, ಆಮೇಲೆ ಕಳೆಯುವ ಮಾತು.

ಯಾದಗಿರಿಯಲ್ಲಿ ಸ್ವಲ್ಪ ತಡೆಯಬೇಕು. ಕಲಬುರಗಿಗೆ 332°, ಬೀದರ್‌ಗೆ 018°. ಕಳೆದರೆ 314 ಬರುತ್ತದೆ. ತ್ರಿಕೋನದ ಒಳಕೋನ 180ನ್ನು ಮುಟ್ಟುವುದೂ ಸಾಧ್ಯವಿಲ್ಲ, ಹಾಗಾಗಿ 314 ಎಂಬುದು ತ್ರಿಕೋನದ ಹೊರಗೆ ಸುತ್ತಿಬಂದ ಸರಳಾಧಿಕ ಕೋನ. 360ರಲ್ಲಿ ಕಳೆದರೆ ಒಳಕೋನ 46°. ಚಿತ್ರದಲ್ಲಿ ನೋಡಿದರೆ ಇದು ಇನ್ನೂ ಸ್ಪಷ್ಟ: ಉತ್ತರ ರೇಖೆ ತ್ರಿಕೋನದ ಒಳಗೇ ಹಾದುಹೋಗುತ್ತದೆ, ಅದರ ಎಡಕ್ಕೆ 28°, ಬಲಕ್ಕೆ 18°, ಕೂಡಿದರೆ 46°. ಉತ್ತರ ರೇಖೆ ಎರಡು ಗೆರೆಗಳ ನಡುವೆ ಬಿದ್ದಾಗ ಕಳೆಯುವುದಿಲ್ಲ, ಎರಡು ಬದಿಯ ಕೋನಗಳನ್ನು ಕೂಡಿಸುತ್ತೇವೆ.

ಮೂರನ್ನೂ ಕೂಡಿಸಿ: 103, 31, 46. ಸರಿಯಾಗಿ 180. ಎಲ್ಲೋ ಒಂದು ಬ್ಯಾಕ್ ಬೇರಿಂಗ್ ತಪ್ಪಿದ್ದರೆ ಈ ಮೊತ್ತ ಕೂಡಿಬರುತ್ತಿರಲಿಲ್ಲ. ಹಾಳೆಯ ಮೇಲೆ ಬೀದರ್ ಯಾದಗಿರಿ ಗೆರೆಯನ್ನು ಅಳೆದು ನೋಡಿ, ಸುಮಾರು 13.2 ಸೆಂಟಿಮೀಟರ್ ಇರಬೇಕು, ಅಂದರೆ 132 ಕಿಲೋಮೀಟರ್.

ಇದನ್ನೇ ತಿರುಗಿಸಿ ಕೇಳುತ್ತಾರೆ ಅನ್ನಿ: ಕಲಬುರಗಿಯಿಂದ ಬೀದರ್ 049°, ಬೀದರ್‌ನ ಒಳಕೋನ 31°, ಬೀದರ್‌ನಿಂದ ಯಾದಗಿರಿಯ ಬೇರಿಂಗ್ ಎಷ್ಟು? ಮೊದಲು ಬೀದರ್‌ನಲ್ಲಿ ನಿಲ್ಲಿ. ಅಲ್ಲಿಂದ ಕಲಬುರಗಿ 229°. ಆ ಗೆರೆಯಿಂದ 31° ದೂರದಲ್ಲಿ ಯಾದಗಿರಿ ಇದೆ, ಆದರೆ ಯಾವ ಕಡೆಗೆ? ಕೂಡಿಸಿದರೆ 260°, ಕಳೆದರೆ 198°. ಅಂಕಿಗಳಷ್ಟೇ ಇದ್ದರೆ ಇದನ್ನು ತೀರ್ಮಾನಿಸಲು ಬರುವುದಿಲ್ಲ, ಚಿತ್ರವೇ ಬೇಕು. 260° ಎಂದರೆ ಹೆಚ್ಚುಕಡಿಮೆ ನೇರ ಪಶ್ಚಿಮ. ಯಾದಗಿರಿ ಇರುವುದು ದಕ್ಷಿಣಕ್ಕೆ, ಕಲಬುರಗಿ ಗೆರೆಯಿಂದ ದಕ್ಷಿಣದ ಕಡೆ ಹೊರಳಬೇಕು, ಅದು ಅಪ್ರದಕ್ಷಿಣ. ಹಾಗಾಗಿ ಕಳೆಯಬೇಕು. ಕೂಡಿಸುವುದೋ ಕಳೆಯುವುದೋ ಎಂಬ ಗೊಂದಲ ಬಂದಾಗಲೆಲ್ಲ ಗೆರೆಯ ಮೇಲೆ ಪೆನ್ಸಿಲ್ ಇಟ್ಟು ಇನ್ನೊಂದು ಗೆರೆಗೆ ಹೊರಳಿಸಿ: ಗಡಿಯಾರದ ಕಡೆಗಾದರೆ ಕೂಡಿಸು, ವಿರುದ್ಧವಾದರೆ ಕಳೆ.

ಉತ್ತರ ರೇಖೆಗಳು ನಿಜಕ್ಕೂ ಸಮಾಂತರವೇ?

ಈವರೆಗಿನ ಎಲ್ಲವೂ ನಿಂತದ್ದು ಉತ್ತರ ರೇಖೆಗಳು ಸಮಾಂತರ ಎಂಬ ಒಂದೇ ಮಾತಿನ ಮೇಲೆ. ಭೂಮಿ ಗುಂಡಗಿದೆ. ಉತ್ತರಕ್ಕೆ ಎಳೆದ ಗೆರೆಗಳೆಲ್ಲ ಉತ್ತರ ಧ್ರುವದಲ್ಲಿ ಒಂದುಗೂಡುತ್ತವೆ, ಒಂದುಗೂಡುವ ಗೆರೆಗಳು ಸಮಾಂತರವಾಗಿರಲು ಸಾಧ್ಯವಿಲ್ಲ. ಹಾಗಾದರೆ ನಮ್ಮ ಲೆಕ್ಕ ಎಷ್ಟು ತಪ್ಪಾಯಿತು? ಎರಡು ಊರುಗಳ ರೇಖಾಂಶದ ವ್ಯತ್ಯಾಸವನ್ನು ಅವುಗಳ ನಡುವಿನ ಅಕ್ಷಾಂಶದ ಸೈನ್‌ನಿಂದ ಗುಣಿಸಿದರೆ ಉತ್ತರ ರೇಖೆಗಳು ಪರಸ್ಪರ ಎಷ್ಟು ವಾಲಿವೆ ಎಂಬುದು ಸುಮಾರಾಗಿ ಸಿಗುತ್ತದೆ. ಕಲಬುರಗಿ ಮತ್ತು ಬೀದರ್ ನಡುವೆ ರೇಖಾಂಶದ ವ್ಯತ್ಯಾಸ ಸುಮಾರು 0.7 ಡಿಗ್ರಿ, ನಡುವಿನ ಅಕ್ಷಾಂಶ ಸುಮಾರು 17.6 ಡಿಗ್ರಿ, ಅದರ ಸೈನ್ ಸುಮಾರು 0.3. ಗುಣಿಸಿದರೆ 0.21 ಡಿಗ್ರಿ. ಪೂರ್ಣ ಡಿಗ್ರಿಗೆ ಬರೆಯುವ ಲೆಕ್ಕದಲ್ಲಿ ಇದನ್ನು ಕೈಬಿಡಬಹುದು. ಕಲಬುರಗಿ ಕೋಲ್ಕತ್ತಾ ಎಂದು ಹಿಡಿದರೆ ಈ ವಾಲುವಿಕೆ ನಾಲ್ಕು ಡಿಗ್ರಿಯ ಹತ್ತಿರ ಹೋಗುತ್ತದೆ, ಆಗ 180 ಕೂಡಿಸುವ ಸೂತ್ರ ನೆಚ್ಚುವಂಥದ್ದಲ್ಲ. ಒಂದು ಜಿಲ್ಲೆ, ಅಕ್ಕಪಕ್ಕದ ಜಿಲ್ಲೆಗಳ ಮಟ್ಟಿಗೆ ಸಮಾಂತರ ಎಂದೇ ನಡೆಯಬಹುದು. ಒಂದು ಹೊಲದ ಅಳತೆಯಲ್ಲಂತೂ ಅನುಮಾನವೇ ಬೇಡ.

ಹೊಲದಲ್ಲಿ ಕಂಪಾಸ್ ಹಿಡಿದಾಗ

ಹೊಲದಲ್ಲಿ ತೊಂದರೆ ಬರುವುದು ಬೇರೆ ಕಡೆಯಿಂದ. ಸರ್ವೆ ಪ್ರಾಕ್ಟಿಕಲ್‌ನಲ್ಲಿ ಬಳಸುವ ಪ್ರಿಸ್ಮ್ಯಾಟಿಕ್ ಕಂಪಾಸ್ ಮೂರಂಕಿಯ ಬೇರಿಂಗ್ ಅನ್ನೇ ನೇರವಾಗಿ ಕೊಡುತ್ತದೆ. ಅದರೊಳಗಿನ ಉಂಗುರದ ಮೇಲೆ ಸೊನ್ನೆಯ ಗುರುತು ದಕ್ಷಿಣದ ತುದಿಗಿರುತ್ತದೆ, ಹೊಸದಾಗಿ ನೋಡಿದವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ನಾವು ಗುರಿಯನ್ನು ನೋಡುವುದು ಆಚೆ ತುದಿಯಿಂದ, ಅಂಕಿ ಓದುವುದು ನಮ್ಮ ಕಣ್ಣ ಬಳಿಯ ಪಟ್ಟಕದಿಂದ, ಎರಡರ ನಡುವೆ ಅರ್ಧ ಸುತ್ತಿನ ಅಂತರ. ಆ 180ನ್ನು ಗುರುತು ಹಾಕುವಾಗಲೇ ಸರಿಪಡಿಸಿಟ್ಟಿದ್ದಾರೆ. ಅರ್ಧ ಡಿಗ್ರಿಯವರೆಗೆ ಇದರಲ್ಲಿ ಓದಬಹುದು.

ಕಂಪಾಸ್ ಕೆಲಸದಲ್ಲಿ ಪ್ರತಿ ಗೆರೆಯನ್ನೂ ಎರಡೂ ತುದಿಯಿಂದ ಓದಬೇಕೆಂದು ಹೇಳಿಕೊಡುತ್ತಾರೆ. ಮುಂದಕ್ಕೆ ನೋಡಿದ್ದು ಫೋರ್ ಬೇರಿಂಗ್, ತಿರುಗಿ ನೋಡಿದ್ದು ಬ್ಯಾಕ್ ಬೇರಿಂಗ್. ಲೆಕ್ಕದಲ್ಲೇ ಬ್ಯಾಕ್ ಬೇರಿಂಗ್ ಸಿಗುವಾಗ ಓದುವುದೇಕೆ ಎಂದು ಕೆಲವರು ಕೂತಲ್ಲೇ 180 ಕೂಡಿಸಿ ಫೀಲ್ಡ್ ಬುಕ್ ತುಂಬಿಬಿಡುತ್ತಾರೆ. ಹಾಗೆ ಮಾಡಿದರೆ ತಪ್ಪು ಹಿಡಿಯುವ ದಾರಿಯೇ ಮುಚ್ಚಿಹೋಗುತ್ತದೆ. ಓದಿದ ಎರಡು ಬೇರಿಂಗ್‌ಗಳ ನಡುವೆ 180 ಬರದಿದ್ದರೆ ಉತ್ತರ ರೇಖೆಗಳು ಸಮಾಂತರವಾಗಿಲ್ಲ ಎಂದರ್ಥ. ಅಂದರೆ ಯಾವುದೋ ಒಂದು ಕಡೆ ಸೂಜಿಯನ್ನು ಉತ್ತರದಿಂದ ಪಕ್ಕಕ್ಕೆ ಏನೋ ಎಳೆಯುತ್ತಿದೆ: ಬೋರ್‌ವೆಲ್‌ನ ಕಬ್ಬಿಣದ ಕೇಸಿಂಗ್ ಪೈಪು, ತಗಡಿನ ಶೆಡ್ಡು, ಕರೆಂಟಿನ ಕಂಬ, ಪಕ್ಕದಲ್ಲೇ ಬಿದ್ದಿರುವ ಅಳತೆಯ ಸರಪಳಿ, ಕೆಲವೊಮ್ಮೆ ಕೈಯಲ್ಲಿನ ಕಡಗ. ಸರ್ವೆಯವರು ಇದನ್ನು ಲೋಕಲ್ ಅಟ್ರಾಕ್ಷನ್ ಅನ್ನುತ್ತಾರೆ.

ತೊಗರಿ ಹೊಲವೊಂದರ ಮೂಲೆಗಳನ್ನು ಎ, ಬಿ, ಸಿ, ಡಿ ಎಂದು ಹೆಸರಿಟ್ಟು ಸುತ್ತಿದಾಗ ಹೀಗೆ ಬಂತು ಎಂದುಕೊಳ್ಳಿ. ಎಯಿಂದ ಬಿಗೆ 074° 30′, ಬಿಯಿಂದ ಎಗೆ 254° 30′. ವ್ಯತ್ಯಾಸ ಸರಿಯಾಗಿ 180, ಆದ್ದರಿಂದ ಎ, ಬಿ ಎರಡೂ ಕಡೆ ಸೂಜಿ ಸರಿಯಾಗಿದೆ. ಬಿಯಿಂದ ಸಿಗೆ 162°, ಸಿಯಿಂದ ಬಿಗೆ 339°. ವ್ಯತ್ಯಾಸ 177 ಮಾತ್ರ. ಅರ್ಧ ಡಿಗ್ರಿಯಾಗಿದ್ದರೆ ಓದುವಾಗಿನ ಹೆಚ್ಚುಕಡಿಮೆ ಎಂದು ಬಿಡಬಹುದಿತ್ತು, ಮೂರು ಡಿಗ್ರಿಯನ್ನು ಹಾಗೆ ಬಿಡಲಾಗದು. ತಪ್ಪು ಬಿಯಲ್ಲೋ ಸಿಯಲ್ಲೋ? ಬಿ ಸರಿ ಎಂದು ಹಿಂದಿನ ಗೆರೆಯೇ ಹೇಳಿದೆ. ಹಾಗಾಗಿ 162° ನಂಬಬಹುದು, ತಪ್ಪು ಸಿಯದ್ದು. ಸಿಯಿಂದ ಬಿಗೆ ಬರಬೇಕಿದ್ದದ್ದು 162ಕ್ಕೆ 180 ಕೂಡಿಸಿ 342°, ಬಂದದ್ದು 339°. ಸಿಯಲ್ಲಿ ನಿಂತು ಓದಿದ್ದೆಲ್ಲ 3° ಕಡಿಮೆ ಬರುತ್ತಿದೆ.

ಸಿಯಲ್ಲಿ ಸೂಜಿ ವಾಲಿದ್ದು ಒಂದು ಗೆರೆಗೆ ಮಾತ್ರವಲ್ಲ, ಅಲ್ಲಿ ಅದು ತೋರಿಸುವ ಉತ್ತರವೇ ವಾಲಿದೆ. ಆದ್ದರಿಂದ ಅಲ್ಲಿಂದ ಓದಿದ ಪ್ರತಿಯೊಂದಕ್ಕೂ ಇದೇ 3° ಕೂಡಿಸಬೇಕು. ಇದೇ ಕಾರಣಕ್ಕೆ ಸಿಯ ಒಳಕೋನ ಮಾತ್ರ ಕೆಡುವುದಿಲ್ಲ: ಎರಡು ಗೆರೆಗಳ ಬೇರಿಂಗ್‌ನಲ್ಲೂ ಒಂದೇ ತಪ್ಪು ಇರುವುದರಿಂದ ಕಳೆದಾಗ ಅದು ಹೊರಟುಹೋಗುತ್ತದೆ. ಬೇರಿಂಗ್ ಅನುಮಾನವಾದರೂ ಒಳಕೋನ ನಂಬಬಹುದು, ಎಲ್ಲ ಕಡೆಯೂ ಸೂಜಿ ವಾಲಿರುವ ಜಾಗದಲ್ಲಿ ಒಳಕೋನಗಳನ್ನು ಹಿಡಿದೇ ಲೆಕ್ಕ ಸರಿಪಡಿಸುತ್ತಾರೆ.

ಸಿಯಿಂದ ಡಿಗೆ ಕಂಪಾಸ್ 251° ತೋರಿಸಿದ್ದರೆ ಅದನ್ನು 254° ಎಂದು ತಿದ್ದಿ ಬರೆಯಿರಿ. ಆಮೇಲೆ ಡಿಯಲ್ಲಿ ಕಂಪಾಸ್ ಇಟ್ಟು ಸಿಯ ಕಡೆ ನೋಡಿ. 074° ಬಂದರೆ ಡಿಯಲ್ಲಿ ಸೂಜಿ ಸರಿಯಾಗಿದೆ, ಅಲ್ಲಿಂದ ಎಗೆ ಓದಿದ್ದನ್ನು ತಿದ್ದಬೇಕಿಲ್ಲ. 071° ಬಂದರೆ ತಿದ್ದದ ಅಂಕಿಗೆ ಅದು 180 ಕೂಡಿಬಂದಂತೆ ಕಾಣುತ್ತದೆ, ಆದರೆ ಡಿಯಲ್ಲೂ ಸೂಜಿ ಸಿಯಲ್ಲಿದ್ದಷ್ಟೇ ವಾಲಿದೆ ಎಂದರ್ಥ, ಅಲ್ಲಿನ ಓದಿಗೂ 3° ಕೂಡಿಸಬೇಕು.